ಪುಟ ನೇರವಾಗಲಿ, ಗುರುತು ಅಳಿಯದಿರಲಿ

ಫೋನಿನಲ್ಲಿ ತೆಗೆದ ಕಾಗದಪತ್ರದ ಫೋಟೊವನ್ನು ಸ್ಕ್ಯಾನ್ ಆ್ಯಪ್‌ಗೆ ಕೊಟ್ಟರೆ ಒಂದೇ ಬಟನ್ನಿನಲ್ಲಿ ಎರಡು ಕೆಲಸ ಮುಗಿಯುತ್ತವೆ. ಓರೆಯಾಗಿದ್ದ ಪುಟ ನೇರವಾಗುತ್ತದೆ. ಸುತ್ತಲಿನ ಮೇಜು, ಹಾಳೆ ಹಿಡಿದ ಬೆರಳು, ಮೇಲೆ ಬಿದ್ದ ನೆರಳು ಕಾಣೆಯಾಗುತ್ತವೆ. ಎರಡೂ ಒಟ್ಟಿಗೆ ಆಗುವುದರಿಂದ ಎರಡನ್ನೂ ಒಂದೇ ಕೆಲಸವೆಂದು ಎಣಿಸುವುದು ನಮಗೆ ರೂಢಿಯಾಗಿದೆ. ಆದರೆ ಇವುಗಳ ಸ್ವಭಾವವೇ ಬೇರೆ. ನೇರ ಮಾಡುವುದು ರೇಖಾಗಣಿತ. ಅದು ತಪ್ಪಿದರೆ ತಪ್ಪು ಪುಟದಲ್ಲೇ ಕಾಣುತ್ತದೆ, ತಿದ್ದಲೂ ಬರುತ್ತದೆ. ತೆಗೆದುಹಾಕುವುದು ಒಂದು ತೀರ್ಪು: ಯಾವುದು ಬರಹ, ಯಾವುದು ಕಸ ಎಂಬ ತೀರ್ಪು. ಅದು ತಪ್ಪಿದರೆ ತಪ್ಪಾಗಿದೆ ಎಂದು ತಿಳಿಯಲು ಬೇಕಾದ ಸಾಕ್ಷ್ಯವೇ ಉಳಿಯುವುದಿಲ್ಲ. ಈ ಎರಡಕ್ಕೂ ಒಂದೇ ನಂಬಿಕೆ ಕೊಡುವುದು ಸರಿಯಲ್ಲ ಎಂಬುದು ನನ್ನ ವಾದ.

ಮೊದಲು ರೇಖಾಗಣಿತವನ್ನು ನೋಡೋಣ. ಚಪ್ಪಟೆಯಾದ ಆಯತಾಕಾರದ ಹಾಳೆಯನ್ನು ಓರೆಯಿಂದ ಫೋಟೊ ತೆಗೆದರೆ ಅದು ಸೊಟ್ಟ ಚತುರ್ಭುಜವಾಗಿ ಕಾಣುತ್ತದೆ. ಆ ಚತುರ್ಭುಜದ ನಾಲ್ಕು ಮೂಲೆ ಸಿಕ್ಕರೆ ಎಂಟು ಸಂಖ್ಯೆಗಳು ಸಿಕ್ಕಂತೆ. ಸೊಟ್ಟ ಚಿತ್ರವನ್ನು ನೇರ ಆಯತಕ್ಕೆ ತರುವ ಸೂತ್ರದಲ್ಲಿ ಗೊತ್ತಿಲ್ಲದ ಬೆಲೆಗಳೂ ಎಂಟೇ, ಆದ್ದರಿಂದ ಉತ್ತರ ಒಂದೇ ಒಂದು. ಇಲ್ಲಿ ಊಹೆಗೆ ಜಾಗವಿಲ್ಲ. ಜಾಗವಿರುವುದು ಮೂಲೆ ಹುಡುಕುವಲ್ಲಿ. ಬಿಳಿ ಮೇಜಿನ ಮೇಲೆ ಬಿಳಿ ಹಾಳೆ ಇಟ್ಟರೆ ಅಂಚು ಸಿಗದೆ, ಒಳಗೆ ಅಚ್ಚಾದ ಚೌಕಟ್ಟನ್ನೇ ಆ್ಯಪ್ ಪುಟದ ಅಂಚೆಂದು ಹಿಡಿಯಬಹುದು. ಹಾಗಾದಾಗ ಮಾರ್ಜಿನ್ ಇಲ್ಲದ ಪುಟ ನಮ್ಮೆದುರು ಬರುತ್ತದೆ, ಎಡವಟ್ಟಾಗಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಇನ್ನು ಹೊಲಿದ ಪುಸ್ತಕದ ಬಾಗಿದ ಪುಟಕ್ಕೆ ಈ ಸೂತ್ರ ಹೊಂದುವುದಿಲ್ಲ. ಅಲ್ಲಿ ಸಾಲುಗಳು ಬಾಗಿಯೇ ಉಳಿದು ತಪ್ಪನ್ನು ಹೇಳಿಬಿಡುತ್ತವೆ.

ಈ ಮಾತಿಗೆ ಹಳೆಯದೊಂದು ಕ್ರಯಪತ್ರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಕೈಬರಹದ ಉದ್ದನೆಯ ಹಾಳೆ, ಕೆಳಗೆ ಗುಂಡನೆಯ ಮೊಹರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಮಾರ್ಜಿನ್‌ನಲ್ಲಿ ಪೆನ್ಸಿಲ್ಲಿನಿಂದ ಬರೆದ ಸರ್ವೆ ನಂಬರು. ಹಾಳೆ 8.5 ಇಂಚು ಅಗಲ, 14 ಇಂಚು ಉದ್ದದ ಲೀಗಲ್ ಅಳತೆಯದು ಎನ್ನೋಣ. ಆ್ಯಪ್ ಅದನ್ನು ಎ4 ಎಂದು ಭಾವಿಸಿ ನೇರ ಮಾಡಿದರೆ ಪುಟದ ಎತ್ತರ ಸುಮಾರು ಶೇಕಡಾ 14ರಷ್ಟು ಕುಗ್ಗುತ್ತದೆ. ಅಕ್ಷರಗಳು ತುಸು ಕುಳ್ಳಾಗಿದ್ದು ಕಣ್ಣಿಗೆ ಬೀಳದಿರಬಹುದು, ಆದರೆ ಗುಂಡು ಮೊಹರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದರ ಅಡ್ಡ ಮತ್ತು ಉದ್ದದ ಅಳತೆ ಹೋಲಿಸಿದರೆ ಎಷ್ಟು ಕುಗ್ಗಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ, ಅಷ್ಟು ಎಳೆದರೆ ಪುಟ ಸರಿಯಾಗುತ್ತದೆ. ನೇರ ಮಾಡಿದರೂ ಸರಿಹೋಗದ ನಷ್ಟವೂ ಒಂದಿದೆ. ಓರೆ ಫೋಟೊದಲ್ಲಿ ಹಾಳೆಯ ಕೆಳಗಿನ ಅಂಚು 2100 ಪಿಕ್ಸೆಲ್, ದೂರದ ಮೇಲಿನ ಅಂಚು 1500 ಪಿಕ್ಸೆಲ್ ಬಂದಿದ್ದರೆ, ಮೇಲಿನ ಸಾಲುಗಳಲ್ಲಿ ವಿವರ ಕಡಿಮೆ ಇದೆ ಎಂದರ್ಥ. ಅಡ್ಡಕ್ಕೆ ಮುಕ್ಕಾಲು ಪಾಲಿಗೂ ತುಸು ಕಡಿಮೆ. ಉದ್ದಕ್ಕಂತೂ ಕೆಳಗಿನ ಸಾಲುಗಳ ಅರ್ಧದಷ್ಟು ಮಾತ್ರ, ಏಕೆಂದರೆ ದೂರ ಹೋದಂತೆ ಉದ್ದದ ಅಳತೆ ಅಡ್ಡದ ಅಳತೆಗಿಂತ ಬೇಗ ಕುಗ್ಗುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುವುದರಿಂದ ಈ ಪೆಟ್ಟು ಮೊದಲು ಬೀಳುವುದು ಅವುಗಳಿಗೇ. ನೇರವಾದ ಪುಟದಲ್ಲಿ ಎಲ್ಲ ಸಾಲೂ ಒಂದೇ ಗಾತ್ರ ಕಂಡರೂ ಮೇಲಿನವು ಮಸುಕಾಗಿರುತ್ತವೆ. ಆ ಮಸುಕು ನಮಗೆ ಕಾಣುತ್ತದೆ, ನೇರ ಮೇಲಿನಿಂದ ಇನ್ನೊಂದು ಫೋಟೊ ತೆಗೆಯಿರಿ ಎಂದು ಎಚ್ಚರಿಸುತ್ತದೆ.

ನೆರಳು ತೆಗೆಯುವ ಕೆಲಸದಲ್ಲಿ ಇಂಥ ಎಚ್ಚರಿಕೆ ಇಲ್ಲ. ಅದರ ಮೊದಲ ಹೆಜ್ಜೆಯೇನೋ ಒಳ್ಳೆಯದೇ. ಪುಟದ ಪ್ರತಿ ಭಾಗದಲ್ಲೂ ಖಾಲಿ ಕಾಗದ ಎಷ್ಟು ಬೆಳಕಾಗಿದೆ ಎಂದು ಅಂದಾಜಿಸಿ, ಅಲ್ಲಿನ ಪ್ರತಿ ಬಿಂದುವನ್ನು ಅದರಿಂದ ಭಾಗಿಸುತ್ತಾರೆ. ಬೆಳಕಿನಲ್ಲಿ ಕಾಗದ 200, ಮಸಿ 40 ಇದ್ದು, ನೆರಳಿನಲ್ಲಿ ಕಾಗದ 100, ಮಸಿ 20 ಇದ್ದರೆ, ಎರಡು ಕಡೆಯೂ ಮಸಿಗೆ ಬರುವ ಬೆಲೆ 0.2. ನೆರಳು ಹೋಯಿತು, ಬರಹ ಉಳಿಯಿತು. ತೊಂದರೆ ಎರಡನೆಯ ಹೆಜ್ಜೆಯಲ್ಲಿದೆ. ಪುಟ ಹಾಲಿನಂತೆ ಬೆಳ್ಳಗಾಗಲಿ ಎಂದು 0.8ರ ಮೇಲಿನದನ್ನೆಲ್ಲ ಶುದ್ಧ ಬಿಳಿಗೆ ಏರಿಸಿದರೆ, ಕಾಗದಕ್ಕೆ ಹೋಲಿಸಿ 0.85 ಇದ್ದ ಪೆನ್ಸಿಲ್ಲಿನ ಸರ್ವೆ ನಂಬರು ನೆರಳಿನ ಜೊತೆಗೇ ಹೋಗುತ್ತದೆ. ಮಸುಕಾದ ನೇರಳೆ ಮೊಹರಿನ ಗತಿಯೂ ಅದೇ. ಹೆಬ್ಬೆಟ್ಟಿನದು ಇನ್ನೂ ಸೂಕ್ಷ್ಮ. ಕಾಗದದ ಬೆಳಕನ್ನು ಅಂದಾಜಿಸುವ ಕಿಂಡಿ 51 ಪಿಕ್ಸೆಲ್ ಇದ್ದರೆ, ಇಂಚಿಗೆ 300 ಪಿಕ್ಸೆಲ್ ಇರುವ ಚಿತ್ರದಲ್ಲಿ ಅದು ನಾಲ್ಕು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಎರಡು ಸೆಂಟಿಮೀಟರ್ ಅಗಲಕ್ಕೆ ಗಾಢವಾಗಿ ಮಸಿ ಹತ್ತಿದ ಹೆಬ್ಬೆಟ್ಟಿನ ನಡುವೆ ಆ ಕಿಂಡಿಗೆ ಕಾಣುವುದು ಬಹುಪಾಲು ಮಸಿಯೇ. ಮಸಿಯನ್ನೇ ಕಾಗದವೆಂದು ಲೆಕ್ಕ ಹಾಕಿ ಭಾಗಿಸಿದಾಗ ನಡುಭಾಗ ಬೆಳ್ಳಗಾಗಿ ಅಂಚು ಮಾತ್ರ ಉಳಿಯುತ್ತದೆ. ನೋಡಿದವರಿಗೆ ಬೆರಳು ಸರಿಯಾಗಿ ಒತ್ತಲಿಲ್ಲವೇನೋ ಎನಿಸಬಹುದೇ ಹೊರತು, ಒತ್ತಿದ್ದು ಅಳಿಸಿಹೋಯಿತು ಎಂದು ಹೊಳೆಯುವುದಿಲ್ಲ.

ಬೆರಳು, ಮೇಜುಗಳ ವಿಷಯದಲ್ಲೂ ಇದೇ ತರ್ಕ. ಬೆರಳು ಹಾಳೆಯ ಹೊರಗಿದ್ದರೆ ಕತ್ತರಿಸಲು ಅಡ್ಡಿಯಿಲ್ಲ. ಮಾರ್ಜಿನ್ ಮೇಲೆ ಕೂತ ಬೆರಳನ್ನು ಬಿಳಿ ಬಣ್ಣದಿಂದ ಮುಚ್ಚಿದರೆ, ಇಲ್ಲಿ ಏನೂ ಬರೆದಿರಲಿಲ್ಲ ಎಂಬ ಸುಳ್ಳನ್ನು ಚಿತ್ರದ ಬಾಯಲ್ಲಿ ಹೇಳಿಸಿದಂತೆ. ಗೂಗಲ್ ಬುಕ್ಸ್‌ನ ಕೆಲವು ಪುಟಗಳಲ್ಲಿ ಸ್ಕ್ಯಾನ್ ಮಾಡಿದವರ ಬೆರಳು ಉಳಿದಿರುವುದನ್ನು ಓದುಗರು ದೋಷವೆಂದು ಆಡಿಕೊಂಡರು. ಆದರೂ ಎಲ್ಲಿ ಅಕ್ಷರ ಮುಚ್ಚಿಹೋಗಿದೆ ಎಂಬುದನ್ನು ಆ ಬೆರಳು ಬಚ್ಚಿಡುವುದಿಲ್ಲ. ಹಳೆಯ ದಾಖಲೆಗಳನ್ನು ಪಳಗಿದವರು ಚಿತ್ರೀಕರಿಸುವಾಗ ಹಾಳೆಯ ಸುತ್ತ ತುಸು ಹಿನ್ನೆಲೆ ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣದ ಪಟ್ಟಿ ಇಡುವುದಕ್ಕೂ ಇಂಥದೇ ಕಾರಣ. ಅಂಚು ಪೂರ್ತಿ ಬಂದಿದೆ, ಹರಿದ ಮೂಲೆ ಹರಿದೇ ಇತ್ತು ಎಂಬುದಕ್ಕೆ ಆ ಹಿನ್ನೆಲೆಯೇ ಸಾಕ್ಷಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಎಲ್ಲರಿಗೂ ಬೇಕೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಕರೆಂಟ್ ಬಿಲ್ಲನ್ನೋ ಶುಲ್ಕದ ರಸೀದಿಯನ್ನೋ ಕಳಿಸುವವರಿಗೆ ಸ್ಪಷ್ಟವಾಗಿ ಓದಲು ಬರುವ, ಗಾತ್ರದಲ್ಲಿ ಚಿಕ್ಕದಾದ ಫೈಲ್ ಸಾಕು. ಅಲ್ಲಿ ಬೆಳ್ಳಗಿನ ಪುಟವೇ ಸರಿ. ಅಕ್ಷರ ಗುರುತಿಸುವ ತಂತ್ರಾಂಶಕ್ಕೂ ಚೊಕ್ಕ ಪುಟ ಕೊಟ್ಟರೆ ಕೆಲಸ ಸುಲಭವಾಗುತ್ತದೆ ಎಂಬ ಮಾತೂ ನಿಜ. ಆದರೆ ಆ ಪುಟ ಯಂತ್ರಕ್ಕೆ ಕೊಡುವ ಪ್ರತಿಯಾಗಿರಲಿ, ಕಾಪಿಡುವ ಪ್ರತಿಯಾಗುವುದು ಬೇಡ. ಎರಡು ಪ್ರತಿ ಇಟ್ಟರೆ ಜಾಗ ತಿನ್ನುತ್ತದೆ ಎನ್ನುವವರು ಗಮನಿಸಬೇಕು: ಮೂಲ ಫೋಟೊ ಇದ್ದರೆ ಚೊಕ್ಕ ಪ್ರತಿಯನ್ನು ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಚೊಕ್ಕ ಪ್ರತಿಯಿಂದ ಪೆನ್ಸಿಲ್ಲಿನ ಬರಹವನ್ನು ಮರಳಿ ತರಲಾಗದು. ಜಾಗ ಒಂದಕ್ಕೇ ಇದ್ದರೆ ಉಳಿಯಬೇಕಾದದ್ದು ಮೂಲ.

ಹಾಗಾಗಿ ಆ್ಯಪ್ ಮಾಡುವವರು ಈ ಎರಡು ಕೆಲಸಗಳಿಗೆ ಎರಡು ಬಟನ್ ಕೊಡಬೇಕು. ನೇರ ಮಾಡುವುದು ತಾನಾಗಿ ನಡೆಯಲಿ, ನಾಲ್ಕು ಮೂಲೆಗಳನ್ನು ಬೇಕಾದಾಗ ಸರಿಸಲು ಬರಲಿ. ಬೆಳ್ಳಗೆ ಮಾಡುವುದು ಕೇಳಿದರೆ ಮಾತ್ರ ನಡೆಯಲಿ, ಏನನ್ನು ಅಳಿಸಿತೆಂದು ತೋರಿಸಲಿ. ಬಳಸುವವರೂ ಕ್ರಯಪತ್ರ, ಅಂಕಪಟ್ಟಿ, ಹಳೆಯ ಕಾಗದಗಳಿಗೆ ಬಣ್ಣದ ಪ್ರತಿಯನ್ನೇ ಆರಿಸಿ, ಅದನ್ನು ಮೂಲ ಹಾಳೆಯ ಪಕ್ಕದಲ್ಲಿಟ್ಟು ಮೊಹರು, ಹೆಬ್ಬೆಟ್ಟು, ಮಾರ್ಜಿನ್ ಮೂರನ್ನೂ ಹೋಲಿಸಿ ನೋಡಬೇಕು. ಸ್ಕ್ಯಾನ್ ಒಳ್ಳೆಯದೋ ಅಲ್ಲವೋ ಎಂಬುದನ್ನು ಪುಟದ ಬಿಳುಪಿನಿಂದ ಅಳೆಯದೆ, ಹಾಳೆಯ ಮೇಲಿದ್ದ ಗುರುತುಗಳೆಲ್ಲ ಚಿತ್ರದಲ್ಲಿ ಉಳಿದಿವೆಯೇ ಎಂಬುದರಿಂದ ಅಳೆಯಬೇಕು.