ಮೂರರಿಂದ ಗುಣಿಸಿದರೆ ಗಾಳಿ

ಆಷಾಢದ ಗಾಳಿಗೆ ಮೈಸೂರಿನ ಬೀದಿಯಲ್ಲಿ ಧೂಳೆದ್ದು, ಕಾಗದದ ಚೂರುಗಳು ಹಾರಿ, ಮರದ ಸಣ್ಣ ಕೊಂಬೆಗಳು ಅಲುಗಿದರೆ ಅದು ಬ್ಯೂಫರ್ಟ್ ಮಾಪಕದ 4. ಇಷ್ಟನ್ನು ಕಣ್ಣೇ ಹೇಳುತ್ತದೆ. ಗಂಟೆಗೆ ಎಷ್ಟು ಕಿಲೋಮೀಟರ್ ಎನ್ನಲು ಒಂದು ಸೊಗಸಾದ ಲೆಕ್ಕವಿದೆ: ಅಂಕಿಯನ್ನು ಅದರ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು ಮೂರರಿಂದ ಗುಣಿಸಿ. ನಾಲ್ಕರ ವರ್ಗಮೂಲ 2. ನಾಲ್ಕೆರಡಲಿ 8, ಎಂಟು ಮೂರಲಿ 24. ಕೋಷ್ಟಕದಲ್ಲಿ ಇದೇ ಬಲಕ್ಕೆ 20ರಿಂದ 28 ಎಂದಿದೆ. ನಮ್ಮ ಉತ್ತರ ನಟ್ಟನಡುವೆ ಕೂತಿದೆ!

1805ರಲ್ಲಿ ಫ್ರಾನ್ಸಿಸ್ ಬ್ಯೂಫರ್ಟ್ ಈ ಮಾಪಕ ಬರೆದಿಟ್ಟಾಗ ಅದರಲ್ಲಿ ವೇಗವೇ ಇರಲಿಲ್ಲ, ಹಡಗಿನ ಹಾಯಿಯ ಲೆಕ್ಕವಷ್ಟೇ ಇತ್ತು. ವೇಗ ಸೇರಿದ್ದು ನೂರು ವರ್ಷದ ಮೇಲೆ. ನಮ್ಮ ಲೆಕ್ಕದಲ್ಲಿ ಅಂಕಿಯ ಜೊತೆ ಅದರ ವರ್ಗಮೂಲವೂ ಗುಣಿಸುವುದರಿಂದ ಅಂಕಿಗೂ ವೇಗಕ್ಕೂ ನೇರ ಅನುಪಾತವಿಲ್ಲ. 4 ಎಂಟಾದರೆ ವೇಗ ದುಪ್ಪಟ್ಟಲ್ಲ, 24ರಿಂದ ಸುಮಾರು 68ಕ್ಕೆ ಜಿಗಿಯುತ್ತದೆ.

ಮೇರೆಗಳು ಬೇಕೆಂದರೆ ಅಂಕಿಯಿಂದ ಅರ್ಧ ಕಳೆದು ಒಮ್ಮೆ, ಅರ್ಧ ಕೂಡಿಸಿ ಇನ್ನೊಮ್ಮೆ ಲೆಕ್ಕ ಹಾಕಬೇಕು. 3.5ಕ್ಕೆ 20 ಹತ್ತಿರ, 4.5ಕ್ಕೆ 29 ಹತ್ತಿರ ಬರುತ್ತದೆ. ಈ ಜಾಣತನ ನನಗೆ ಬಹಳ ಇಷ್ಟ.

ಎಡವುವುದು ಎಲ್ಲೆಂದರೆ, ಈ ವೇಗ ಬಯಲಿನಲ್ಲಿ ಹತ್ತು ಮೀಟರ್ ಎತ್ತರದ ಸರಾಸರಿ. ಚಾಮುಂಡಿ ಬೆಟ್ಟದ ತುದಿಯಲ್ಲಿ ಕೊಡೆ ಮಗುಚಿದ ಒಂದು ಬೀಸನ್ನು ಹಿಡಿದು ಇಡೀ ಊರಿಗೆ 6 ಎನ್ನಬಾರದು. ಹತ್ತು ನಿಮಿಷ ನೋಡಿ, ಆಮೇಲೆ ಗುಣಿಸಿ.