ಒಂಬತ್ತು–ಆರು

ಲಾಸ್ ವೇಗಸ್‌ನ ಸ್ಲಾಟ್ ಯಂತ್ರ ತನ್ನ ಲೆಕ್ಕವನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿರುತ್ತದೆ. ಪಕ್ಕದ ವಿಡಿಯೊ ಪೋಕರ್ ಯಂತ್ರಕ್ಕೆ ಆ ಗುಟ್ಟು ಸಾಧ್ಯವಿಲ್ಲ. ನೆವಾಡದ ನಿಯಮದಂತೆ ಅದು 52 ಎಲೆಗಳ ಕಟ್ಟಿನಿಂದ ನ್ಯಾಯವಾಗಿಯೇ ಎಲೆ ಹಂಚಬೇಕು. ಹಾಗಾಗಿ ಪರದೆಯ ಮೇಲಿನ ಪಾವತಿ ಪಟ್ಟಿಯೇ ಅದರ ಜಾತಕ. ನನಗೆ ಇಷ್ಟವಾಗುವುದು ಈ ಬಯಲುತನ.

‘ಜ್ಯಾಕ್ಸ್ ಆರ್ ಬೆಟರ್’ ಆಟದಲ್ಲಿ ಒಂದು ನಾಣ್ಯದ ಕಾಲಮ್ ನೋಡಿ. ಫುಲ್ ಹೌಸ್‌ಗೆ 9, ಫ್ಲಶ್‌ಗೆ 6 ಇದ್ದರೆ ಅದು ಪೂರ್ಣ ಪಾವತಿಯ ಯಂತ್ರ. ತಪ್ಪಿಲ್ಲದೆ ಆಡಿದರೆ ದೀರ್ಘಕಾಲದಲ್ಲಿ ಶೇ 99.54 ಮರಳುತ್ತದೆ. 8 ಮತ್ತು 5 ಇದ್ದರೆ ಶೇ 97.30. ಉಳಿದ ಸಾಲುಗಳು ಸಾಮಾನ್ಯವಾಗಿ ಹಾಗೇ ಇರುವುದರಿಂದ ಈ ಕಡಿತ ಕಣ್ಣಿಗೆ ಬೀಳುವುದಿಲ್ಲ. ಫುಲ್ ಹೌಸ್, ಫ್ಲಶ್ ಎರಡೂ ತಲಾ ನೂರು ಕೈಗಳಲ್ಲಿ ಸುಮಾರು ಒಂದು ಸಲ ಬರುವಂಥವು. ಅದಕ್ಕೇ ಒಂದೊಂದು ನಾಣ್ಯ ಕಡಿತಕ್ಕೂ ಶೇ 1.1ರಷ್ಟು ಹೋಗುತ್ತದೆ.

ಇಪ್ಪತ್ತೈದು ಸೆಂಟಿನ ಐದು ನಾಣ್ಯ, ಗಂಟೆಗೆ 600 ಕೈ: ಪಣ 750 ಡಾಲರ್. ಮೊದಲ ಯಂತ್ರದಲ್ಲಿ ಸರಾಸರಿ ನಷ್ಟ ಮೂರೂವರೆ ಡಾಲರ್, ಎರಡನೆಯದರಲ್ಲಿ ಇಪ್ಪತ್ತು. ಒಂದು ಸಂಜೆಯ ಅದೃಷ್ಟದಲ್ಲಿ ಈ ಅಂತರ ಮುಚ್ಚಿಹೋಗುತ್ತದೆ. ಕ್ಯಾಸಿನೊಗೆ ಬೇಕಿರುವುದೂ ಅದೇ.

ಐದು ನಾಣ್ಯ ಏಕೆ? ಆಗ ಮಾತ್ರ ರಾಯಲ್ ಫ್ಲಶ್‌ಗೆ 4000 ಸಿಗುತ್ತದೆ. ಒಂದೇ ಹಾಕಿದರೆ 250. ಅದು ಸುಮಾರು ನಲವತ್ತು ಸಾವಿರ ಕೈಗಳಿಗೊಮ್ಮೆ ಬರುವ ಅತಿಥಿ. ಅದಿಲ್ಲದ ದಿನ ಒಂಬತ್ತು–ಆರು ಯಂತ್ರವೂ ಶೇ 2ರಷ್ಟು ಕಡಿಮೆಯೇ ಕೊಡುತ್ತದೆ.