ಮುಅಜಿಝತ್, ಕರಾಮತ್, ಸಿಹ್ರ್: ಗಡಿ ಎಲ್ಲಿದೆ?

ಇಸ್ಲಾಮಿನ ಅಶ್ಅರಿ ಪಂಥದ ದೇವಶಾಸ್ತ್ರದಲ್ಲಿ ಪ್ರವಾದಿಯ ಪವಾಡಕ್ಕೆ ಮುಅಜಿಝತ್ ಎಂದು ಹೆಸರು. ಲೋಕದ ವಾಡಿಕೆಯನ್ನು ಮುರಿಯುವ ಘಟನೆಯಾದರೆ ಸಾಲದು. ಅದು ದೇವರ ಕ್ರಿಯೆಯಾಗಿರಬೇಕು. ‘ನಾನು ಪ್ರವಾದಿ’ ಎಂಬ ಘೋಷಣೆಯ ಜೊತೆಗೆ ನಡೆಯಬೇಕು. ಎದುರಾಳಿಗಳಿಗೆ ಸವಾಲಾಗಿದ್ದು, ಅವರಿಂದ ಸರಿಗಟ್ಟಲು ಆಗದಂತಿರಬೇಕು. ಹೇಳಿದ ಮಾತಿಗೆ ಹೊಂದುವಂತೆಯೂ ನಡೆಯಬೇಕು. ಕೊನೆಯ ಷರತ್ತಿಗೆ ಪಂಡಿತರು ಕೊಡುವ ಉದಾಹರಣೆ ಮುಸೈಲಿಮಾನದು. ಪ್ರವಾದಿತ್ವವನ್ನು ಸುಳ್ಳಾಗಿ ಸಾರಿಕೊಂಡ ಅವನು ನೀರು ಹೆಚ್ಚಲೆಂದು ಬಾವಿಗೆ ಉಗುಳಿದಾಗ ಬಾವಿಯೇ ಬತ್ತಿತಂತೆ. ವಾಡಿಕೆ ಮುರಿದದ್ದು ನಿಜ, ಆದರೆ ಅದು ಹೇಳಿಕೊಂಡವನ ವಿರುದ್ಧವೇ ಸಾಕ್ಷಿ ನುಡಿಯಿತು.

ವಲಿಯಿಂದ, ಅಂದರೆ ದೇವರಿಗೆ ಹತ್ತಿರದ ಸಜ್ಜನನಿಂದ, ಇಂಥದೇ ಘಟನೆ ನಡೆದರೆ ಅದು ಕರಾಮತ್. ಕಲಿತ ತಂತ್ರದಿಂದಲೋ ದುಷ್ಟಶಕ್ತಿಗಳ ನೆರವಿನಿಂದಲೋ ನಡೆದರೆ ಅದು ಸಿಹ್ರ್, ಜನರ ಬಾಯಲ್ಲಿ ಮಾಟ. ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯಲ್ಲಿರುವ ಸಂಪಾಜೆಯಂಥ ಊರಿನಲ್ಲಿ ಈ ವಿಂಗಡಣೆ ಪುಸ್ತಕದಲ್ಲಷ್ಟೇ ಇರುವಂಥದ್ದಲ್ಲ. ಗೂನಡ್ಕ ಬಳಿಯ ಪೇರಡ್ಕದಲ್ಲಿ ದರ್ಗಾ ಇದೆ. ಘಟ್ಟ ಹತ್ತಿದರೆ ಕೊಡಗಿನ ಎಮ್ಮೆಮಾಡು, ಇಳಿದು ಕಡಲಿಗೆ ಹೋದರೆ ಉಳ್ಳಾಲ. ಇಲ್ಲಿನ ಬ್ಯಾರಿ ಮತ್ತು ಮಲಯಾಳಂ ಮನೆಮಾತಿನ ಮುಸ್ಲಿಮರು ಬಹುತೇಕ ಶಾಫಿಈ ಮದ್‌ಹಬಿನವರು. ಉರೂಸಿನಲ್ಲಿ ವಲಿಯ ಕರಾಮತ್ ಕೇಳುವವರೇ ಮಾಟಕ್ಕೆ ಹೆದರಿ ಊದಿಸಿದ ನೀರನ್ನೂ ತರುತ್ತಾರೆ. ಮೂರರ ನಡುವಣ ಗಡಿ ಎಲ್ಲಿ ಎಂಬ ಪ್ರಶ್ನೆ ಅವರ ದಿನಬಳಕೆಯದು.

ಈ ಪ್ರಶ್ನೆಗೆ ಒಂದು ಇಡೀ ಗ್ರಂಥವನ್ನು ಮೀಸಲಿಟ್ಟವರು ಬಾಗ್ದಾದಿನ ಅಬೂಬಕರ್ ಅಲ್ ಬಾಖಿಲ್ಲಾನಿ (ಮರಣ 1013). ಮುಅಜಿಝತ್, ಕರಾಮತ್, ಕೈಚಳಕ, ಕಣಿ, ಮಾಟ ಇವುಗಳ ವ್ಯತ್ಯಾಸವೇ ಅವರ ‘ಕಿತಾಬುಲ್ ಬಯಾನ್’ನ ವಿಷಯ. ಅವರ ಎದುರು ಮುಅ್‌ತಝಿಲಾ ಪಂಥದವರು ಸರಳವಾದ ಉತ್ತರವೊಂದನ್ನು ಇಟ್ಟಿದ್ದರು: ವಾಡಿಕೆ ಮುರಿಯುವುದು ಪ್ರವಾದಿಗಳಿಗೆ ಮಾತ್ರ. ವಲಿಗಳಿಗೂ ಅದು ಸಾಧ್ಯವಾದರೆ ಪ್ರವಾದಿಯನ್ನು ಗುರುತಿಸುವ ದಾರಿಯೇ ಇಲ್ಲ. ಮಾಟವೋ, ಅದು ಬರೀ ಕಣ್ಕಟ್ಟು. ಫಿರ್‌ಔನನ ಮಾಂತ್ರಿಕರ ಹಗ್ಗ ಕೋಲುಗಳು ಹರಿದಾಡಿದ್ದು ಒಳಗೆ ತುಂಬಿದ್ದ ಪಾದರಸ ಬಿಸಿಗೆ ಅಲುಗಿದ್ದರಿಂದ ಎಂಬ ವಿವರಣೆ ಈ ವಿಚಾರಕ್ಕೆ ಹತ್ತಿರವಿದ್ದ ಅಲ್ ಜಸ್ಸಾಸ್‌ನಲ್ಲಿ (ಮರಣ 981) ಸಿಗುತ್ತದೆ.

ಅಶ್ಅರಿಗಳಿಗೆ ಈ ಉತ್ತರ ಹಿಡಿಸಲಿಲ್ಲ, ಕಾರಣ ಕುರ್‌ಆನಿನಲ್ಲೇ ಇತ್ತು. ಝಕರಿಯ್ಯಾ ಒಳಬಂದಾಗಲೆಲ್ಲ ಮರ್ಯಮರ ಬಳಿ ಆಹಾರ ಇರುತ್ತಿತ್ತು; ಗುಹೆಯ ಯುವಕರು ಶತಮಾನಗಳ ಕಾಲ ನಿದ್ರಿಸಿದರು. ಬಹುಮಂದಿ ಪಂಡಿತರ ಪ್ರಕಾರ ಮರ್ಯಮರಾಗಲಿ ಆ ಯುವಕರಾಗಲಿ ಪ್ರವಾದಿಗಳಲ್ಲ. ಆಹಾರ ಬಂದದ್ದು ಝಕರಿಯ್ಯಾರ ಪವಾಡವೆಂದು ಮುಅ್‌ತಝಿಲಾದವರು ಹೇಳಿದರು. ಅದು ಎಲ್ಲಿಂದ ಬಂತೆಂದು ಝಕರಿಯ್ಯಾರೇ ಕೇಳುವುದರಿಂದ ಈ ಸಮಾಧಾನ ನಿಲ್ಲುವುದು ಕಷ್ಟ.

ಹಾಗಾಗಿ ಬಾಖಿಲ್ಲಾನಿ ಗಡಿಯನ್ನು ಘಟನೆಯಿಂದ ತೆಗೆದು ಮಾತಿಗೆ ಸರಿಸಿದರು. ನಡೆದದ್ದು ಒಂದೇ ಬಗೆಯದಾಗಿರಬಹುದು. ಪ್ರವಾದಿ ಅದನ್ನು ಸವಾಲಾಗಿ ಮುಂದಿಡುತ್ತಾನೆ, ವಲಿ ಇಡುವುದಿಲ್ಲ. ಅಶ್ಅರಿ ಗ್ರಂಥಗಳು ಇದಕ್ಕೆ ಕೊಡುವ ದೃಷ್ಟಾಂತ ರಾಜಸಭೆಯದು. ಒಬ್ಬ ಎದ್ದು, ‘ನಾನು ಈ ರಾಜನ ದೂತ, ರಾಜನೇ, ಇದು ನಿಜವಾದರೆ ನಿನ್ನ ವಾಡಿಕೆ ಮೀರಿ ಎದ್ದು ನಿಲ್ಲು’ ಎನ್ನುತ್ತಾನೆ. ರಾಜ ಎದ್ದು ನಿಂತರೆ ಅದು ಬಾಯಿಬಿಟ್ಟು ‘ಹೌದು’ ಎಂದಂತೆಯೇ. ರಾಜ ಏಳುವುದು ಬೇರೆ ಸಂದರ್ಭದಲ್ಲೂ ನಡೆಯಬಹುದು, ಆಗ ಅದಕ್ಕೆ ಈ ಅರ್ಥವಿಲ್ಲ.

ವಲಿಯ ಮಟ್ಟಿಗೆ ಈ ವಾದ ಗಟ್ಟಿಯಾಗಿದೆ. ವಲಿ ತಾನು ಪ್ರವಾದಿಯ ಅನುಯಾಯಿ ಎಂದೇ ಹೇಳಿಕೊಳ್ಳುವುದರಿಂದ ಅವನ ಕರಾಮತ್ ಪ್ರವಾದಿಗೇ ಸಾಕ್ಷಿಯಾಗುತ್ತದೆ. ಮಾಟಗಾರನ ವಿಷಯದಲ್ಲಿ ಮಾತ್ರ ಅದು ಬಳುಕುತ್ತದೆ. ಮಾಟಕ್ಕೂ ನಿಜವಾದ ಪರಿಣಾಮ ಉಂಟೆಂದು ಬಾಖಿಲ್ಲಾನಿ ಒಪ್ಪುತ್ತಾರೆ. ಮಾಟಗಾರ ತಾನು ಪ್ರವಾದಿಯೆಂದು ಸಾರಿದರೇನು ಗತಿ? ಆಗ ದೇವರು ಅವನಿಗೆ ವಿದ್ಯೆಯನ್ನೇ ಮರೆಸುತ್ತಾನೆ, ಇಲ್ಲವೇ ಅವನನ್ನು ಸರಿಗಟ್ಟುವವರನ್ನು ಎಬ್ಬಿಸುತ್ತಾನೆ ಎಂಬುದು ಅವರ ಉತ್ತರ. ಅಂದರೆ ಗಡಿ ನಿಂತಿರುವುದು ಕಂಡದ್ದರ ಮೇಲಲ್ಲ, ದೇವರು ಸುಳ್ಳನಿಗೆ ಸಾಕ್ಷಿ ನಿಲ್ಲಲಾರ ಎಂಬ ಭರವಸೆಯ ಮೇಲೆ. ದೇವರ ಕ್ರಿಯೆಗೆ ಯಾವ ಕಟ್ಟುಪಾಡೂ ಇಲ್ಲವೆನ್ನುವ ಪಂಥಕ್ಕೆ ಈ ಭರವಸೆ ದುಬಾರಿ. ಇಬ್ನ್ ತೈಮಿಯ್ಯಾ (ಮರಣ 1328) ‘ಅನ್ನುಬುವ್ವಾತ್’ನಲ್ಲಿ ಇದನ್ನೇ ಹಿಡಿದರು: ವ್ಯತ್ಯಾಸ ಬರೀ ಘೋಷಣೆಯಲ್ಲಿರಲಾರದು, ಪ್ರವಾದಿಯ ದೃಷ್ಟಾಂತಗಳು ಮನುಷ್ಯರಿಗೂ ಜಿನ್ನ್‌ಗಳಿಗೂ ಸ್ವರೂಪದಲ್ಲೇ ಎಟುಕದವು. ಮೂಸಾರ ಪ್ರಸಂಗ ಈ ಮಾತಿಗೆ ಇಂಬು ಕೊಡುತ್ತದೆ. ಅಲ್ಲಿ ಮೊದಲು ಶರಣಾದವರು ನೋಡುತ್ತಿದ್ದ ಜನರಲ್ಲ, ಮಾಂತ್ರಿಕರೇ. ತಮ್ಮ ವಿದ್ಯೆ ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಅಲ್ ಗಝಾಲಿ (ಮರಣ 1111) ಇನ್ನೊಂದು ದಾರಿ ಹಿಡಿದರು. ಕೋಲು ಹಾವಾದದ್ದನ್ನಷ್ಟೇ ನಂಬಿದರೆ ಅದು ಮಾಟವಿರಬಹುದೇ ಎಂಬ ಸಂಶಯ ಹೋಗದು. ಪ್ರವಾದಿಯ ಬೋಧನೆಯನ್ನು ಬದುಕಿನಲ್ಲಿ ಪರೀಕ್ಷಿಸಿದಾಗ ಹುಟ್ಟುವ ನಿಶ್ಚಯದ ಜೊತೆಗೆ ಪವಾಡವೂ ಒಂದು ಪುರಾವೆ. ಈ ಚರ್ಚೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಮಾತು ಇದೇ ಇರಬೇಕು.

ಕರಾವಳಿಯಲ್ಲಿ ಬಾಖಿಲ್ಲಾನಿಯ ಅಳತೆಗೋಲನ್ನು ಇಟ್ಟು ನೋಡಬಹುದಾದ ಕೃತಿಯೆಂದರೆ ಮುಹ್ಯಿದ್ದೀನ್ ಮಾಲೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ-ಮಲಯಾಳಂನಲ್ಲಿ ರಚಿಸಿದ ಈ ಹಾಡು ಬಾಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿಯವರ (ಮರಣ 1166) ಕರಾಮತ್‌ಗಳ ಸರಮಾಲೆ. ಮಾಲೆ ತನ್ನ ಮೂಲವೆಂದು ‘ಬಹ್‌ಜ’ವನ್ನು ಹೆಸರಿಸುತ್ತದೆ. ಶೈಖರು ತೀರಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅಶ್ಶತ್ತನೂಫಿ (ಮರಣ 1314) ಬರೆದ ಆ ಗ್ರಂಥದ ವರದಿಗಳನ್ನು ಇಬ್ನ್ ರಜಬರಂಥ (ಮರಣ 1393) ಪಂಡಿತರು ಪ್ರಶ್ನಿಸಿದ್ದಾರೆ. ಇಬ್ನ್ ರಜಬರು ಶೈಖರ ಹಿರಿಮೆಯನ್ನು ಒಪ್ಪುವ ಹಂಬಲಿಯೇ. ಮಾಲೆಯ ತೊಡಕು ಇನ್ನೊಂದಿದೆ. ಕರಾಮತ್ತನ್ನು ಮುಚ್ಚಿಡುವುದು ವಲಿಗೆ ಭೂಷಣ ಎಂಬುದು ಸೂಫಿ ಗ್ರಂಥಗಳ ನಿಲುವು. ಮಾಲೆಯಲ್ಲಿ ಶೈಖರು ತಮ್ಮ ಸ್ಥಾನವನ್ನು ತಾವೇ ಸಾರುತ್ತಾರೆ. ಅದು ಪ್ರವಾದಿತ್ವದ ಘೋಷಣೆಯಲ್ಲವಾದ್ದರಿಂದ ಬಾಖಿಲ್ಲಾನಿಯ ಗಡಿ ದಾಟುವುದಿಲ್ಲ. ಆದರೆ ಹಾಡಿನ ರಾಗದಲ್ಲಿ ಕೇಳುವವರಿಗೆ ಸವಾಲಿನ ಧಾಟಿಗೂ ಇದಕ್ಕೂ ಅಂತರ ತೆಳುವಾಗಿಯೇ ಕೇಳಿಸುತ್ತದೆ. ಕಾವ್ಯವಾಗಿ ಮಾಲೆ ಗೆದ್ದಿರುವುದು ಇದೇ ಧಾಟಿಯಿಂದ ಎಂಬುದೂ ನಿಜ.

ವರದಿ ಎಷ್ಟು ಗಟ್ಟಿ ಎಂದು ತೂಗುವ ಪರಿಪಾಠ ಇದೇ ಕರಾವಳಿಯಲ್ಲೂ ಇತ್ತು. ಚಂದ್ರ ಇಬ್ಭಾಗವಾದದ್ದನ್ನು ಚೇರಮಾನ್ ಪೆರುಮಾಳ್ ಕಂಡು ಪ್ರವಾದಿಯ ಕಾಲದಲ್ಲೇ ಮುಸ್ಲಿಮನಾದ ಎಂಬ ಐತಿಹ್ಯ ಕಾಸರಗೋಡಿನಿಂದ ಮಂಗಳೂರಿನವರೆಗಿನ ಪುರಾತನ ಮಸೀದಿಗಳ ಕಥೆಗೆ ಅಂಟಿಕೊಂಡಿದೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ 16ನೆಯ ಶತಮಾನದ ‘ತುಹ್ಫತುಲ್ ಮುಜಾಹಿದೀನ್’ನಲ್ಲಿ ಇದನ್ನು ಒಪ್ಪಲಿಲ್ಲ, ಪೆರುಮಾಳನ ಮತಾಂತರ ಹಿಜರಿಯ ಸುಮಾರು ಇನ್ನೂರು ವರ್ಷಗಳ ನಂತರದ್ದೆಂದು ಅಂದಾಜಿಸಿದರು. ಚಂದ್ರ ಸೀಳಿದ ಮುಅಜಿಝತ್ತನ್ನು ನಂಬುವ ಶಾಫಿಈ ಪಂಡಿತರೇ ಅದರ ಹೆಸರಿನಲ್ಲಿ ಬೆಳೆದ ಊರಕಥೆಯನ್ನು ಬೇರೆಯಾಗಿಟ್ಟರು.

ಇಂದು ಸುನ್ನಿ ಮತ್ತು ಸಲಫಿ ಗುಂಪುಗಳ ಜಗಳದಲ್ಲಿ ಮಾಲೆಯ ಹೆಸರು ಬಂದಾಗ ಕರಾಮತ್ ಉಂಟೋ ಇಲ್ಲವೋ ಎಂಬುದೇ ವಿವಾದವೆಂದು ಹೊರಗಿನವರು ತಿಳಿಯುವುದುಂಟು. ಸಲಫಿಗಳು ಆಧಾರವಾಗಿ ಹಿಡಿಯುವ ಇಬ್ನ್ ತೈಮಿಯ್ಯಾ ಕರಾಮತ್ತನ್ನು ಅಲ್ಲಗಳೆದವರಲ್ಲ. ಜಗಳವಿರುವುದು ತೀರಿಹೋದ ವಲಿಯನ್ನು ಕಷ್ಟದಲ್ಲಿ ಕರೆಯಬಹುದೇ ಎಂಬುದರಲ್ಲಿ. ಕರೆದರೆ ಓಗೊಡುವೆನೆಂದು ಮಾಲೆಯ ಶೈಖರು ಮಾತು ಕೊಡುತ್ತಾರೆ. ಬಾಖಿಲ್ಲಾನಿ ಎಳೆದ ಗೆರೆ ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ: ಅದು ಪವಾಡ ಯಾರದೆಂದು ಹೇಳುತ್ತದೆಯೇ ಹೊರತು ಯಾರನ್ನು ಕೇಳಬೇಕೆಂದಲ್ಲ.